ಮೂರು ಸಾವಿರ ಗಂಟೆ ಮತ್ತು ಮೊದಲನೇ ಮುಯ್ಯಿ

ಮೂರು ಸಾವಿರ ಗಂಟೆ ಆಗಬೇಕು ಎಂದು ಮೊಮ್ಮಗಳು ಹೇಳಿದ ದಿನ ನಾನು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ಕಟಿಂಗ್ ಟೇಬಲ್ಲಿನ ಮೇಲೆಯೇ ಲೆಕ್ಕ ಹಾಕಿದೆ. ದಿನಕ್ಕೆ ಮೂರು ಗಂಟೆ ಕೂತರೆ ಸಾವಿರ ದಿನ. ಸಾವಿರ ದಿನ ಎಂದರೆ ಹತ್ತಿರ ಹತ್ತಿರ ಮೂರು ವರ್ಷ. ಅವಳ ಅಮ್ಮ ಕೊಟ್ಟಿದ್ದದ್ದು ಒಂದೇ ವರ್ಷದ ಗಡುವು. ಈ ದೀಪಾವಳಿಯಿಂದ ಮುಂದಿನ ದೀಪಾವಳಿ. ಅಷ್ಟರಲ್ಲಿ ಕೈಗೆ ಕಾಸು ಬರದಿದ್ದರೆ ತಿರುಪ್ಪೂರಿನ ಸೋದರಮಾವನ ಮನೆಗೆ ಹೋಗಿ ಬನಿಯನ್ ಕಂಪನಿಯಲ್ಲಿ ಚೆಕ್ಕಿಂಗ್ ಕೆಲಸಕ್ಕೆ ಸೇರಬೇಕು.

ಮಸಿನಗುಡಿಯಲ್ಲಿ ಜೀಪ್ ಸ್ಟ್ಯಾಂಡಿಗೆ ಹೋಗುವ ದಾರಿಯಲ್ಲಿ ನನ್ನ ಟೈಲರ್ ಅಂಗಡಿ ಇದೆ. ಗುಂಡ್ಲುಪೇಟೆ ಕಡೆಯ ಊರಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿ, ಚಿಕ್ಕಪ್ಪನ ಜೊತೆ ಬೆಟ್ಟ ಹತ್ತಿ ಬಂದವನು. ಮಗ ಕಾಡು ತೋರಿಸುವ ಜೀಪ್ ಓಡಿಸುತ್ತಾನೆ. ಸೊಸೆ ಇಲ್ಲೇ ಒಂದು ರೆಸಾರ್ಟಿನಲ್ಲಿ ರೂಮುಗಳ ಉಸ್ತುವಾರಿ ನೋಡಿಕೊಳ್ಳುತ್ತಾಳೆ. ಅವರಿಬ್ಬರ ಒಬ್ಬಳೇ ಮಗಳು ನನ್ನ ಈ ಮೊಮ್ಮಗಳು. ಗೂಡಲೂರಿಗೆ ದಿನಾ ಬಸ್ಸಿನಲ್ಲಿ ಹೋಗಿ ಆರಿ ಕೆಲಸ ಕಲಿತು ಬಂದಳು. ಆರಿ ಎಂದರೆ ತುದಿ ಕೊಕ್ಕೆಯಾದ ಸೂಜಿ. ಬಟ್ಟೆಯನ್ನು ಮರದ ಚೌಕಟ್ಟಿಗೆ ಬಿಗಿದು, ದಾರವನ್ನು ಕೆಳಗೆ ಹಿಡಿದು, ಮೇಲಿನಿಂದ ಸೂಜಿ ಇಳಿಸಿ ಎಳೆದರೆ ಸರಪಳಿಯಂತೆ ಹೊಲಿಗೆ ಏಳುತ್ತದೆ. ಮಣಿ, ಚಮ್ಕಿ, ಜರಿ ಏನು ಬೇಕಾದರೂ ಕೂರಿಸಬಹುದು. ಮದುವೆ ಬ್ಲೌಸಿನ ತೋಳಿನ ಮೇಲೆ ಅವಳು ಎಬ್ಬಿಸಿದ ನವಿಲನ್ನು ನೋಡಿದ ದಿನ, ಐವತ್ತು ವರ್ಷ ಮಿಷನ್ ತುಳಿದ ನಾನು ನನ್ನ ಕನ್ನಡಕವನ್ನು ಎರಡು ಸಲ ಒರೆಸಿಕೊಂಡೆ.

ಆದರೆ ಮಸಿನಗುಡಿಯಲ್ಲಿ ವರ್ಷಕ್ಕೆ ಎಷ್ಟು ಮದುವೆ? ಬ್ಲೌಸಿಗೆ ಸಾವಿರಗಟ್ಟಲೆ ಕೊಡುವವರು ಎಷ್ಟು ಮಂದಿ? ಅದಕ್ಕೇ ಅವಳು ನನ್ನ ಅಂಗಡಿಯಲ್ಲೇ ಕೂತು ಫೋನಿನಲ್ಲಿ ಲೈವ್ ಮಾಡಲು ಹೊರಟಳು. ಚೌಕಟ್ಟಿನ ಮೇಲ್ಗಡೆ ಫೋನ್ ತೂಗುಹಾಕಲು ನಾನೇ ಪರದೆ ಕಟ್ಟುವ ಕಂಬಿ ಬಗ್ಗಿಸಿ ಒಂದು ಕೈ ಮಾಡಿಕೊಟ್ಟೆ. ಮುಖ ಕಾಣುವುದಿಲ್ಲ. ಎರಡು ಕೈ, ಸೂಜಿ, ಬಟ್ಟೆ ಅಷ್ಟೇ. ಅವಳು ಹೊಲಿಯುತ್ತಾ ಕನ್ನಡದಲ್ಲಿ ಒಂದು ಮಾತು, ತಮಿಳಿನಲ್ಲಿ ಒಂದು ಮಾತು ಹೇಳಿಕೊಡುತ್ತಾಳೆ. ನೋಡುವವರು ಪಕ್ಕದಲ್ಲಿ ಬರೆದು ಕೇಳುತ್ತಾರೆ.

ಸೀಮೆಸುಣ್ಣದ ಲೆಕ್ಕ ನೋಡಿ ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅಯ್ಯೋ ತಾತ! ನಾನು ಕೂರೋ ಗಂಟೆ ಅಲ್ಲ ಕನಾ. ನೋಡೋರು ಕೂರೋ ಗಂಟೆ!"

"ಹಂಗಂದ್ರ?"

"ನಾನು ಎರಡು ಗಂಟೆ ಲೈವ್ ಮಾಡ್ತೀನಿ ಅನ್ಕೋ. ಹತ್ತು ಜನ ಪೂರ್ತಿ ನೋಡುದ್ರ ಇಪ್ಪತ್ತು ಗಂಟೆ. ಆಮೇಲೆ ಆ ವಿಡಿಯೋನ ಬೇರೆಯೋರು ನೋಡುದ್ರ ಅದೂ ಸೇರ್ಕತ್ತದ. ಒಂದು ವರ್ಷದೊಳಗ ಮೂರು ಸಾವಿರ ಆಗ್ಬೇಕು. ಜೊತೆಗೆ ಐನೂರು ಜನ ಸಬ್‌ಸ್ಕ್ರೈಬರ್. ಆಗ ಗಿಫ್ಟು, ಮೆಂಬರ್‌ಶಿಪ್ಪು ಎಲ್ಲ ತೆರೀತದ. ಅಲ್ಲೀಗಂಟ ಒಂದು ರೂಪಾಯಿನೂ ಇಲ್ಲ."

ಸಬ್‌ಸ್ಕ್ರೈಬರ್ ಎಂದರೆ ಕನ್ನಡದಲ್ಲಿ ಚಂದಾದಾರ ಎಂದು ಫೋನೇ ತೋರಿಸುತ್ತಿತ್ತು. ನಮ್ಮಲ್ಲಿ ಚಂದಾ ಎಂದರೆ ದೇವಸ್ಥಾನದ ಜಾತ್ರೆಗೆ ಮನೆ ಮನೆ ತಿರುಗಿ ಎತ್ತುವ ದುಡ್ಡು. ಅವಳಿಗೆ ಅರುವತ್ತು ಚಂದಾದಾರರಾದ ದಿನ ನಾನು ಜೀಪ್ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ಟೀ ಕೊಡಿಸಿಬಿಟ್ಟೆ. ಸಂಜೆ ಸೊಸೆ ಕೇಳಿದಳು.

"ಮಾವ, ಅರುವತ್ತು ಜನ ಎಷ್ಟೆಷ್ಟು ಚಂದಾ ಕೊಟ್ರಂತ?"

ಮೊಮ್ಮಗಳು ತಲೆ ತಗ್ಗಿಸಿ ಹೇಳಿದಳು. "ಅದು ಬಿಟ್ಟಿ ಕಣಮ್ಮ. ಬಟನ್ ಒತ್ತುದ್ರ ಆಯ್ತು."

"ಬಿಟ್ಟಿ ಚಂದಾಕ್ಕ ಕಾಸು ಕೊಟ್ಟು ಟೀ!" ಎಂದು ಸೊಸೆ ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ.

ಅವಳನ್ನು ಕೆಟ್ಟವಳು ಅನ್ನಬೇಡಿ. ರೆಸಾರ್ಟಿನಲ್ಲಿ ದಿನಕ್ಕೆ ಹನ್ನೊಂದು ರೂಮು ಮೇಲಿಂದ ಕೆಳಗೆ ನೋಡಿ ಬರುವವಳು. ಮಗಳಿಗೆ ತಿಂಗಳಾದರೆ ಸಂಬಳ ಬರುವ ಒಂದು ಕೆಲಸ ಇರಲಿ ಅನ್ನುವುದು ತಾಯಿಯ ಆಸೆ. ನಾನೋ ಬೇರೆ ರೀತಿ ಬೆಳೆದವನು. ಚಿಕ್ಕಪ್ಪನ ಅಂಗಡಿಯಲ್ಲಿ ಎರಡು ವರ್ಷ ಬರೀ ಕಾಜಾ ಹೊಲಿದೆ, ಗುಂಡಿ ಹಾಕಿದೆ. ಕೂಲಿ ಇಲ್ಲ, ಊಟ ಮಾತ್ರ. ಮೂರನೇ ವರ್ಷ ಕತ್ತರಿ ಕೈಗೆ ಕೊಟ್ಟರು. ಕಸುಬಿಗೆ ಹಾಗೆ ಸಂಬಳವಿಲ್ಲದ ಕಾಲ ಒಂದು ಇದ್ದೇ ಇರುತ್ತದೆ ಎಂದು ನನಗೆ ಗೊತ್ತಿತ್ತು. ಆದರೆ ನನ್ನ ಆ ಕಾಲಕ್ಕೆ ಕೊನೆ ಎಲ್ಲಿ ಎಂದು ಚಿಕ್ಕಪ್ಪ ಬಲ್ಲವರಾಗಿದ್ದರು. ಇವಳದಕ್ಕೆ ಕೊನೆ ಎಲ್ಲಿ ಎಂದು ಯಾರು ಹೇಳುತ್ತಾರೆ?

ದಿನಾ ಮಧ್ಯಾಹ್ನ ಎರಡರಿಂದ ನಾಲ್ಕೂವರೆ. ಹೆಂಗಸರು ಅಡಿಗೆ, ಪಾತ್ರೆ ಮುಗಿಸಿ ಕೈಯಲ್ಲಿ ಫೋನ್ ಹಿಡಿಯುವ ಹೊತ್ತು ಅದು ಎಂದು ಅವಳೇ ಕಂಡುಕೊಂಡಳು. ಮೊದಮೊದಲು ಮೂವರು ನೋಡುತ್ತಿದ್ದರು. ಅದರಲ್ಲಿ ಒಬ್ಬ ನಾನು, ಅವಳಿಂದ ಹತ್ತಡಿ ದೂರದಲ್ಲಿ ಕೂತು. ಕೆಲವು ದಿನ ಕರೆಂಟು ಹೋಗುತ್ತಿತ್ತು. ಒಂದು ಸಲ ಆನೆ ಮುರಿದ ಕೊಂಬೆ ಬಿದ್ದು ಕೇಬಲ್ ಹರಿದು ನಾಲ್ಕು ದಿನ ಏನೂ ಇಲ್ಲ. ಐದನೇ ದಿನ ನೋಡುವವರು ಒಬ್ಬರಿಗೆ ಇಳಿದಿದ್ದರು. ಆ ಒಬ್ಬರಿಗೂ ಅವಳು ಎರಡೂವರೆ ಗಂಟೆ ಹೇಳಿಕೊಟ್ಟಳು. "ಒಬ್ರಾದ್ರೂ ಎರಡೂವರೆ ಗಂಟೆ ಬಂತಲ್ಲ ತಾತ" ಎಂದಳು. ನನಗೆ ಕೇಳಿ ಸಂಕಟವೂ ಆಯಿತು, ಹೆಮ್ಮೆಯೂ ಆಯಿತು.

ಯುಗಾದಿ ಹೊತ್ತಿಗೆ ಚಂದಾದಾರರು ಇನ್ನೂರು ದಾಟಿದರು. ಗಂಟೆ ಮಾತ್ರ ಐನೂರರ ಹತ್ತಿರ ಕುಂಟುತ್ತಿತ್ತು. ದೀಪಾವಳಿಗೆ ಉಳಿದದ್ದು ಆರೇಳು ತಿಂಗಳು. ಆಗ ನನ್ನ ತಲೆಗೆ ಒಂದು ಉಪಾಯ ಹೊಳೆಯಿತು. ಇವತ್ತು ನೆನೆಸಿಕೊಂಡರೆ ಕಿವಿ ಬಿಸಿಯಾಗುತ್ತದೆ.

ನೋಡುವವರು ಕೂರುವ ಗಂಟೆ ತಾನೆ ಬೇಕಾದದ್ದು? ನೋಡುವವರನ್ನು ನಾನು ತಂದರೆ ಆಯಿತು! ಜೀಪ್ ಡ್ರೈವರುಗಳ ಮನೆಯಲ್ಲಿ ಹೊಸ ಫೋನ್ ಬಂದ ಮೇಲೆ ಮೂಲೆಗೆ ಬಿದ್ದ ಹಳೇ ಫೋನುಗಳು ಇರುತ್ತವೆ. ಏಳು ಫೋನ್ ಕೇಳಿ ತಂದೆ. ಒಂದರ ಗಾಜು ಒಡೆದಿತ್ತು, ಒಂದಕ್ಕೆ ರಬ್ಬರ್ ಬ್ಯಾಂಡ್ ಹಾಕದಿದ್ದರೆ ಬ್ಯಾಟರಿ ನಿಲ್ಲುತ್ತಿರಲಿಲ್ಲ. ಅಂಗಡಿಯ ಹಿಂದೆ ಪರದೆ ಎಳೆದ ಗೂಡಿನಲ್ಲಿ, ಲೈನಿಂಗ್ ಬಟ್ಟೆಯ ಸುರುಳಿಗಳ ನಡುವೆ ಏಳನ್ನೂ ಸಾಲಾಗಿ ಒರಗಿಸಿ, ಸದ್ದು ಅಡಗಿಸಿ, ಅವಳ ಹಳೇ ವಿಡಿಯೋಗಳನ್ನು ಬೆಳಿಗ್ಗೆ ಅಂಗಡಿ ತೆರೆದಾಗಿನಿಂದ ಮುಚ್ಚುವವರೆಗೂ ಓಡಿಸಿದೆ. ಬಸ್ ಸ್ಟ್ಯಾಂಡ್ ಹತ್ತಿರದ ಬಜ್ಜಿ ಅಂಗಡಿಯವನು ಕೇಳಿದ, "ತಾತ, ಇದೇನು ಫೋನ್ ಆಸ್ಪತ್ರೆಯಾ?" ಎಂದು. "ಸುಮ್ನಿರಪ್ಪ, ಗಂಟೆ ಬೆಳೀತಾ ಅದ" ಎಂದೆ.

ಬೆಳೆಯಿತು ಕೂಡ. ಮೊಮ್ಮಗಳು ಕುಣಿದಾಡಿದಳು. "ತಾತ, ಯಾರೋ ನನ್ನ ಹಳೇ ವಿಡಿಯೋನೆಲ್ಲ ಬುಡ್ದೆ ನೋಡ್ತಾವ್ರ!" ಎಂದಳು. ನಾನು ಮೀಸೆಯೊಳಗೇ ನಕ್ಕೆ. ಅವಳ ಆ ಸಂತೋಷವನ್ನು ನಾನೇ ಹೊಲಿದುಕೊಟ್ಟ ಹಾಗೆ ಅನ್ನಿಸಿತ್ತು.

ಮೂರು ವಾರ ಕಳೆದಿರಬೇಕು. ಒಂದು ಬೆಳಿಗ್ಗೆ ಅವಳು ಅಂಗಡಿಗೆ ಬಂದವಳೇ ಫೋನ್ ಮುಂದೆ ಹಿಡಿದಳು. ಏರಿದ್ದ ಗಂಟೆಯೆಲ್ಲ ಇಳಿದು ಮತ್ತೆ ಐನೂರರ ಹತ್ತಿರಕ್ಕೇ ಬಂದುಬಿಟ್ಟಿತ್ತು. ಗೂಡಲೂರಿನಲ್ಲಿ ಅವಳ ಜೊತೆ ಕಲಿತ, ಇದೇ ತರಹ ಲೈವ್ ಮಾಡುವ ಗೆಳತಿಗೆ ಫೋನ್ ಹಚ್ಚಿದಳು. ಆ ಹುಡುಗಿ ಹೇಳಿದ್ದು ನನಗೂ ಕೇಳಿಸಿತು.

"ಯಾರೋ ಒಂದೇ ಜಾಗದಲ್ಲಿ ಫೋನ್ ಇಟ್ಟು ಓಡಿಸ್ತಿದಾರೆ ಕಣೇ. ವಿಡಿಯೋ ಕಂಪನಿಯವರು ಅಂಥ ಗಂಟೆನೆಲ್ಲ ಆರಿಸಿ ಕಿತ್ತಾಕ್ತಾರೆ. ಮುಂದುವರೆದ್ರೆ ಚಾನೆಲ್ಲೇ ಮುಚ್ಚಿಬಿಡ್ತಾರೆ. ನಿನಗೆ ಯಾರಾದರೂ ಶತ್ರು ಇದಾರಾ?"

ಮೊಮ್ಮಗಳು ನನ್ನನ್ನು ನೋಡಿದಳು. ನಾನು ಗೂಡಿನ ಪರದೆ ಸರಿಸಿದೆ. ಏಳು ಫೋನಿನಲ್ಲೂ ಅವಳದೇ ಹದಿನಾಲ್ಕು ಕೈಗಳು ಹೊಲಿಯುತ್ತಿದ್ದವು.

ಅವಳು ಬೈಯಲಿಲ್ಲ. ಒಂದೊಂದೇ ಫೋನ್ ಆರಿಸಿ ನನ್ನ ಮುಂದೆ ಇಟ್ಟಳು. ಆಮೇಲೆ ಅಲ್ಲೇ ಸ್ಟೂಲಿನ ಮೇಲೆ ಕೂತು ಮುಖ ಮುಚ್ಚಿಕೊಂಡಳು. ಅಳುತ್ತಿದ್ದಾಳೆ ಎಂದು ನಾನು ಗಾಬರಿ ಬಿದ್ದೆ. ನೋಡಿದರೆ ನಗುತ್ತಲೂ ಇದ್ದಳು, ಅಳುತ್ತಲೂ ಇದ್ದಳು.

"ಶತ್ರು ಅಂತ ತಾತ! ನೀನು!"

"ತಪ್ಪಾಯ್ತು ಕೂಸೇ. ಕಾಜಾ ಹೊಲಿಯೋ ಹುಡುಗ ಗುಂಡಿ ಹಾಕ್ದೆ ಹಾಕ್ದೆ ಅಂತ ಸುಳ್ಳು ಲೆಕ್ಕ ಹೇಳ್ದಂಗಾಯ್ತು."

ಸೊಸೆಗೆ ವಿಷಯ ಮುಟ್ಟಿತು. "ಮಾವ, ಏಳು ಫೋನಿನ ಯಜಮಾನ್ರಿಗೂ ನೀವೇ ಹೋಗಿ ವಾಪಸ್ ಕೊಟ್ಟು ಬನ್ನಿ. ಟೀ ಮಾತ್ರ ಕೊಡುಸ್ಬೇಡಿ" ಎಂದಳು. ಅಷ್ಟಕ್ಕೇ ಬಿಟ್ಟಳು. ತಿರುಪ್ಪೂರಿನ ಅಣ್ಣನಿಗೆ ಮಾತ್ರ ಅವತ್ತು ಜೋರಾಗಿಯೇ ಫೋನಿನಲ್ಲಿ ಹೇಳಿದಳು, "ದೀಪಾವಳಿ ಆದ್ಮೇಲೆ ಕಳುಸ್ತೀನಿ, ಜಾಗ ಹೇಳಿಟ್ಟಿರು" ಎಂದು. ನನಗೂ ಕೇಳಲಿ ಎಂದೇ.

ಅಲ್ಲಿಂದ ಮುಂದೆ ಮೊಮ್ಮಗಳು ಅಡ್ಡದಾರಿಯ ಮಾತೇ ಇಲ್ಲದೆ ಕೂತಳು. ಮಧ್ಯಾಹ್ನದ್ದಲ್ಲದೆ ಬೆಳಿಗ್ಗೆಯೂ ಒಂದೂವರೆ ಗಂಟೆ ಸೇರಿಸಿದಳು. ಒಂದು ಬ್ಲೌಸನ್ನು ಮೊದಲ ಹೊಲಿಗೆಯಿಂದ ಕೊನೆಯವರೆಗೆ ಹದಿನೈದು ದಿನ ಲೈವಿನಲ್ಲೇ ಮುಗಿಸುವ ಯೋಚನೆ ಅವಳಿಗೆ ಬಂತು. ಅದು ಹಿಡಿಯಿತು ನೋಡಿ! ಇವತ್ತು ನವಿಲಿನ ಕತ್ತಿನವರೆಗೆ ಬಂದಿದೆ ಎಂದರೆ ನಾಳೆ ಗರಿ ಹೇಗೆ ಹಾಕುತ್ತಾಳೋ ಎಂದು ಅವರೇ ಮತ್ತೆ ಬರುತ್ತಿದ್ದರು. ಮೂವತ್ತು ಜನ, ನಲವತ್ತು ಜನ, ಒಂದು ದಿನ ನೂರಾ ಹತ್ತು. ಲೈವ್ ಮುಗಿದ ಮೇಲೂ ಅದೇ ವಿಡಿಯೋ ಹಾಕಿಕೊಂಡು ನಿಲ್ಲಿಸಿ ನಿಲ್ಲಿಸಿ ತಾವೂ ಹೊಲಿಯುವವರು ಸೇರಿದರು. ಶ್ರಾವಣ ಬರುವ ಹೊತ್ತಿಗೆ ಮದುವೆ ಬ್ಲೌಸಿನ ಕಾಲ. ಗಂಟೆ ಮೂರು ಸಾವಿರ ದಾಟಿತು, ಚಂದಾದಾರರೂ ಐನೂರು ದಾಟಿದರು. ಕಂಪನಿಗೆ ಅರ್ಜಿ ಹಾಕಿ ಮೂರು ವಾರ ಕಾದಳು. ಒಪ್ಪಿಗೆ ಬಂತು.

ಒಪ್ಪಿಗೆ ಬಂದರೆ ದುಡ್ಡು ಬಂದ ಹಾಗೆ ಎಂದು ನಾನು ತಿಳಿದಿದ್ದೆ. ಅಲ್ಲವಂತೆ. ಕೊಡಲು ಬಾಗಿಲು ತೆರೆದ ಹಾಗೆ ಅಷ್ಟೇ. ನೋಡುವವರೇ ಇಷ್ಟಪಟ್ಟು ಕೊಡಬೇಕು.

ನಾಲ್ಕು ದಿನ ಯಾರೂ ಕೊಡಲಿಲ್ಲ. ಐದನೇ ದಿನ ನಾನು ಆ ಕಡೆ ಇಸ್ತ್ರಿ ಹಾಕುತ್ತಿದ್ದೆ. ಅವಳ ಫೋನಿನಲ್ಲಿ ಬರಹದ ನಡುವೆ ಬಣ್ಣದ ಪಟ್ಟಿಯೊಂದು ಮೇಲೆದ್ದಿತು. ನಲವತ್ತು ರೂಪಾಯಿ. ದಿನಾ ಬಂದು ಬರೆದು ಕೇಳುತ್ತಿದ್ದ, ಕೊಳ್ಳೇಗಾಲದ ಕಡೆಯ ಒಬ್ಬ ಟೀಚರಮ್ಮ ಕಳಿಸಿದ್ದು. ಮೊಮ್ಮಗಳ ಸೂಜಿ ನಿಂತಿತು. ನಾಚಿಕೊಂಡು ಬಾಯೊಳಗೇ "ಥ್ಯಾಂಕ್ಸ್ ಅಕ್ಕ" ಎಂದು ಗೊಣಗಿ ಮತ್ತೆ ಮಣಿ ಪೋಣಿಸಲು ಶುರುಮಾಡಿದಳು.

ನನಗೆ ತಡೆಯಲಾಗಲಿಲ್ಲ. "ಯಾನವ್ವ ಇದು! ಮುಯ್ಯಿ ಬಂದದ. ಹೆಸ್ರು ಕೂಗ್ದೆ ನುಂಗ್ಕೊಂಬುಡಾದಾ?"

ನಮ್ಮ ಕಡೆ ಮದುವೆಗಳಲ್ಲಿ ಮುಯ್ಯಿ ಹೇಗೆ ನಡೆಯುತ್ತದೆ ಎಂದು ನೋಡಿದವರಿಗೆ ಗೊತ್ತು. ಬಂದವರು ಉಡುಗೊರೆಯಾಗಿ ಕೊಡುವ ದುಡ್ಡನ್ನು ಚಪ್ಪರದ ಕೆಳಗೆ ಒಬ್ಬ ಬರೆದುಕೊಳ್ಳುತ್ತಾನೆ. ಇನ್ನೊಬ್ಬ ಮೈಕಿನಲ್ಲಿ ಕೂಗುತ್ತಾನೆ, ಯಾವ ಊರು, ಯಾರ ಮಗ, ಎಷ್ಟು ಎಂದು. ಐದು ರೂಪಾಯಿ ಕೊಟ್ಟವನ ಹೆಸರೂ ಊರಿಗೆಲ್ಲ ಕೇಳಬೇಕು. ಕೂಗದಿದ್ದರೆ ಅವನು ಊಟಕ್ಕೆ ಕೂರುವುದಿಲ್ಲ. ನಾನು ಇಸ್ತ್ರಿ ಪೆಟ್ಟಿಗೆ ನಿಲ್ಲಿಸಿ, ಕ್ಯಾಮೆರಾದಿಂದ ಆಚೆಯೇ ನಿಂತು ಕೂಗಿಬಿಟ್ಟೆ.

"ಕೊಳ್ಳೇಗಾಲದ ಸೀಮೆಯ ನಮ್ ಟೀಚರಮ್ಮನೋರಿಂದ ಮಸಿನಗುಡಿ ಕೂಸಿಗ ನಲವತ್ತು ರೂಪಾಯಿ ಮುಯ್ಯೀಯೀ!"

ಆಮೇಲೆ ಫೋನಿನಲ್ಲಿ ನಗುವ ಮುಖಗಳು ಸಾಲುಸಾಲಾಗಿ ಹರಿದವು. "ನಮ್ಮನೆ ಮದುವೆ ನೆನಪಾಯ್ತು" ಎಂದು ಒಬ್ಬರು ಬರೆದರು. "ನಂದೂ ಕೂಗಿ ತಾತ" ಎಂದು ಇನ್ನೊಬ್ಬರು ಇಪ್ಪತ್ತು ಕಳಿಸಿದರು. ಕೊಯಮತ್ತೂರಿನವರೊಬ್ಬರು ಮುಯ್ಯಿ ಎಂದರೇನು ಎಂದು ತಮಿಳಿನಲ್ಲಿ ಕೇಳಿದರು. "ಮೊಯ್ ಅಕ್ಕಾ, ಮೊಯ್! ಉಂಗ ಊರ್ಲ ಕಲ್ಯಾಣ ಮೊಯ್ ಇಲ್ಲಯಾ?" ನಿಮ್ಮೂರ ಮದುವೆಯಲ್ಲಿ ಮೊಯ್ ಇಲ್ಲವೇ ಎಂದು ಮೊಮ್ಮಗಳೇ ತಮಿಳಿನಲ್ಲಿ ಕೇಳಿದಳು. ಅವರಿಂದಲೂ ಬಂತು. ಎರಡೂ ಸೀಮೆಯಲ್ಲಿ ಅದೇ ಮಾತು, ಅದೇ ಪದ್ಧತಿ.

ಲೈವ್ ಮುಗಿದ ಮೇಲೆ ನಾನು ಅವಳಿಗೆ ಒಂದು ಮಾತು ಹೇಳಿದೆ. ನಾನು ಅವಳಿಗೆ ಹೇಳಿದ್ದರಲ್ಲಿ ಉಪಯೋಗಕ್ಕೆ ಬಂದದ್ದು ಬಹುಶಃ ಅದೊಂದೇ.

"ಕೂಸೇ, ಮುಯ್ಯಿ ತಿನ್ನಾದಲ್ಲ, ತೀರ್ಸಾದು. ಅವ್ರ ಮನೇಲಿ ಕಾರ್ಯ ಆದಾಗ ನಾವು ಮರುಮುಯ್ಯಿ ಮಾಡ್ಬೇಕು. ಆ ಟೀಚರಮ್ಮಂಗ ನೀನು ಯಾನ ಮಾಡೀಯೆ?"

"ಅವ್ರ ಮನೆ ನನಗೆಲ್ಲಿ ಗೊತ್ತು ತಾತ?"

"ಕೇಳು."

ಮಾರನೇ ದಿನ ಕೇಳಿದಳು. ಟೀಚರಮ್ಮನ ತಂಗಿಗೆ ಮದುವೆಯಂತೆ. ಬೆನ್ನಿನ ಕಡೆ ಮಡಕೆ ಆಕಾರದ ಕತ್ತು, ಅದರ ಸುತ್ತ ಮಾವಿನಕಾಯಿ ಬೇಕಂತೆ. ಸುತ್ತು ತಿರುಗುವ ಕಡೆ ಹೊಲಿಗೆ ಸುಕ್ಕು ಬೀಳುತ್ತಿದೆಯಂತೆ. ಮೊಮ್ಮಗಳು ಅವತ್ತು ಅದನ್ನೇ ಬರೆದು, ಅದನ್ನೇ ಹೊಲಿದು ತೋರಿಸಿದಳು. ಟೀಚರಮ್ಮ ಸಂಜೆ ತನ್ನ ಬಟ್ಟೆಯ ಫೋಟೋ ಕಳಿಸಿದರು. ಸುಕ್ಕು ಹೋಗಿತ್ತು. ಅಲ್ಲಿಗೆ ಒಂದು ಮುಯ್ಯಿ ತೀರಿತು.

ನಾನು ಹತ್ತು ದಿನ ಕೂಗಿ ಗಂಟಲು ಕೆಡಿಸಿಕೊಂಡೆ. ಆಮೇಲೆ ಅವಳೇ ಕೂಗಲು ಕಲಿತಳು. ನನಗಿಂತ ಚೆನ್ನಾಗಿಯೇ, ಸೂಜಿ ನಿಲ್ಲಿಸದೆ, ರಾಗವಾಗಿ. ಆದರೆ ಮುಯ್ಯಿಯ ಸ್ವಭಾವ ಬಂದರೆ ಬಂತು, ಬರದಿದ್ದರೆ ಇಲ್ಲ. ಒಂದು ದಿನ ಮುನ್ನೂರು, ಮೂರು ದಿನ ಸೊನ್ನೆ. ಅದರಲ್ಲೂ ನೂರಕ್ಕೆ ಮೂವತ್ತು ಕಂಪನಿಯ ಪಾಲು. "ಮೂವತ್ತಾ! ಚಪ್ಪರ ಹಾಕ್ದೋನಿಗೆ ಇಷ್ಟೊಂದಾ!" ಎಂದೆ. "ಚಪ್ಪರ ಅವ್ರದು, ಜನ ಬರಾ ದಾರಿನೂ ಅವ್ರದೇ ತಾತ" ಎಂದಳು.

ಆಗ ಅವಳು ಮೆಂಬರ್‌ಶಿಪ್ ಶುರುಮಾಡಿದಳು. ಇದು ಬಿಟ್ಟಿ ಚಂದಾ ಅಲ್ಲ. ತಿಂಗಳಿಗೆ ಐವತ್ತೊಂಬತ್ತು ರೂಪಾಯಿ, ತಾವಾಗಿ ನಿಲ್ಲಿಸುವವರೆಗೂ ಪ್ರತಿ ತಿಂಗಳು ಕಟ್ಟಾಗುತ್ತದೆ. ಅವರು ಕೊಡುವುದಕ್ಕೆ ಮೊದಲೇ ತಾನು ಏನು ತೀರಿಸುತ್ತೇನೆ ಎಂದು ಬರೆದಿಟ್ಟಳು. ತಿಂಗಳಿಗೆ ನಾಲ್ಕು ಹೊಸ ಡಿಸೈನು. ಭಾನುವಾರ ಮೆಂಬರುಗಳಿಗೆ ಮಾತ್ರ ಒಂದು ಲೈವ್, ಅವರವರ ಬಟ್ಟೆಯ ತಪ್ಪು ಅವರವರಿಗೇ ತಿದ್ದಿಕೊಡುವುದು. ಮೊದಲನೇ ಮೆಂಬರು ಯಾರು ಅಂದುಕೊಂಡಿರಿ? ಆ ಟೀಚರಮ್ಮನೇ. ಮೊದಲ ತಿಂಗಳು ಹನ್ನೆರಡು ಜನ. ಎರಡನೇ ತಿಂಗಳು ಮೂವತ್ತೊಂದು.

ಅಷ್ಟರಲ್ಲಿ ದೀಪಾವಳಿ ಬಂದೇಬಿಟ್ಟಿತು. ಕೈಗೆ ಒಂದು ಕಾಸೂ ಬಂದಿರಲಿಲ್ಲ! ಫೋನಿನಲ್ಲಿ ಮಾತ್ರ ಇಷ್ಟಿದೆ ಎಂದು ತೋರಿಸುತ್ತಿತ್ತು. ನೂರು ಡಾಲರ್ ಆಗುವವರೆಗೆ ಕಂಪನಿ ಕಳಿಸುವುದಿಲ್ಲ. ನೂರಾದರೂ ಆ ತಿಂಗಳು ಮುಗಿದು ಮುಂದಿನ ತಿಂಗಳು ಇಪ್ಪತ್ತೊಂದರ ಮೇಲೆಯೇ. ಅದಕ್ಕೂ ಮೊದಲು ಮನೆ ವಿಳಾಸ ಸರಿಯೋ ಎಂದು ನೋಡಲು ಟಪಾಲಿನಲ್ಲಿ ಒಂದು ಗುಟ್ಟಿನ ನಂಬರು ಕಳಿಸುತ್ತಾರೆ. ಅದನ್ನು ಫೋನಿಗೆ ಹಾಕಬೇಕು. ಆ ಕಾಗದಕ್ಕಾಗಿ ನಾನು ದಿನಾ ಪೋಸ್ಟ್‌ಮ್ಯಾನಿನ ಸೈಕಲ್ ಅಡ್ಡಗಟ್ಟುತ್ತಿದ್ದೆ. ಕೊನೆಗೆ ಹಬ್ಬಕ್ಕೆ ಒಂಬತ್ತು ದಿನ ಇರುವಾಗ ಬಂತು. "ತಾತ, ಇಷ್ಟು ಸಣ್ಣ ಕಾಗದಕ್ಕಾ ನನ್ನ ಪ್ರಾಣ ತಿಂದಿದ್ದು?" ಎಂದು ಅವನು ಕೊಟ್ಟುಹೋದ.

ಹಬ್ಬದ ಮಾರನೇ ದಿನ ಸೊಸೆ ಬ್ಯಾಗು ಇಳಿಸಿ ಮಗಳ ಬಟ್ಟೆ ಮಡಿಸಿ ಇಡಲು ಶುರುಮಾಡಿದಳು. ಮಗ ಹೊರಗೆ ಜೀಪು ತೊಳೆಯುತ್ತಾ ನಿಂತ. ಇಂಥ ಹೊತ್ತಿನಲ್ಲಿ ಅವನ ಜೀಪು ಬಹಳ ಕೊಳೆಯಾಗಿರುತ್ತದೆ. ಮೊಮ್ಮಗಳು ಎದುರು ಮಾತಾಡಲಿಲ್ಲ. ಮಾತು ಮಾತೇ, ವರ್ಷ ಮುಗಿದಿತ್ತು. ಅವಳು ಕೇಳಿದ್ದು ಇಷ್ಟೇ.

"ಅಮ್ಮ, ಭಾನುವಾರದ ಲೈವ್ ಮಾಡಿ ಹೋಗ್ತೀನಿ. ಮೆಂಬರುಗಳಿಗ ಹೇಳ್ಬೇಕು, ಮುಂದಿನ ತಿಂಗಳು ಕಟ್ಬೇಡಿ, ನಿಲ್ಸಿಬುಡಿ ಅಂತ. ತೀರ್ಸಕ್ಕಾಗ್ದೆ ಇರೋ ಮುಯ್ಯಿ ಈಸ್ಕಬಾರ್ದು."

ಸೊಸೆ ಕೈಯಲ್ಲಿದ್ದ ಚೂಡಿದಾರ ಹಾಗೇ ಹಿಡಿದುಕೊಂಡು ಕೇಳಿದಳು. "ಎಷ್ಟು ಜನ ಅವ್ರೆ ಈಗ?"

"ಎಪ್ಪತ್ಮೂರು."

"ಎಲ್ಲ ಹೊಸಬ್ರಾ?"

"ಇಲ್ಲಮ್ಮ. ಮೊದಲ್ನೇ ತಿಂಗಳು ಸೇರಿದ ಹನ್ನೆರಡರಲ್ಲಿ ಹನ್ನೊಂದು ಜನ ಇನ್ನೂ ಅವ್ರೆ. ಎರಡನೇ ತಿಂಗಳೋರು ಇಬ್ಬರು ಹೋದ್ರು ಅಷ್ಟೇ."

ಸೊಸೆ ಫೋನ್ ಈಸಿಕೊಂಡಳು. ಒಂದೊಂದೇ ಹೆಸರಿನ ಪಕ್ಕ ಎಷ್ಟು ತಿಂಗಳಿಂದ ಇದ್ದಾರೆ ಎಂದು ಬೆರಳಿಟ್ಟು ನೋಡಿದಳು. ಬಹಳ ಹೊತ್ತು ನೋಡಿದಳು. ಈ ಆಟದ ವಿಷಯವನ್ನು ನಾನು ಚಂದಾ ಎಂದು ತಿಳಿದೆ, ಮುಯ್ಯಿ ಎಂದು ತಿಳಿದೆ. ಅವಳು ಅದನ್ನು ತನ್ನ ಕೆಲಸದ ಕಣ್ಣಿನಿಂದ ನೋಡಿದಳು.

"ಮಾವ, ನಮ್ ರೆಸಾರ್ಟಿನಲ್ಲಿ ಒಂದು ಸಲ ಬಂದು ಹೋಗೋ ಗೆಸ್ಟು ಟಿಪ್ಸ್ ಕೊಡ್ತಾರೆ. ಒಬ್ರು ಸಾವ್ರ ಕೊಡ್ತಾರೆ, ಒಬ್ರು ಟವಲ್ಲೇ ಎತ್ಕೊಂಡೋಗ್ತಾರೆ. ಅದ ನಂಬ್ಕೊಂಡು ಯಾರೂ ಬದುಕೋದಿಲ್ಲ. ವರ್ಷ ವರ್ಷ ಬರೋ ಗೆಸ್ಟುಗಳು ಇರ್ತಾರಲ್ಲ, ಅವ್ರಿಂದ ನಮಗ ಸಂಬಳ ಹುಟ್ಟಾದು. ನೀವು ಇಬ್ರೂ ನಂಗೆ ಗಿಫ್ಟು ಗಿಫ್ಟು ಅಂತ ಟಿಪ್ಸ್ ತೋರುಸ್ತಿದ್ರಿ. ಇದ ಯಾಕ ಮೊದ್ಲೇ ತೋರುಸ್ಲಿಲ್ಲ?"

ಸೊಸೆ ಫೋನನ್ನು ಮಗಳ ಕೈಗೆ ಕೊಟ್ಟು ಮತ್ತೆ ಕೇಳಿದಳು.

"ಬ್ಯಾಂಕಿಗೆ ಬರೋದು ಯಾವಾಗ?"

"ಮುಂದಿನ ತಿಂಗಳು ಇಪ್ಪತ್ತೊಂದು ಕಳೆದು."

"ಅಲ್ಲೀಗಂಟ ನೋಡಣ" ಎಂದಳು. ಚೂಡಿದಾರವನ್ನು ಬ್ಯಾಗಿಗೂ ಹಾಕಲಿಲ್ಲ, ಬೀರುವಿಗೂ ಇಡಲಿಲ್ಲ. ಕುರ್ಚಿಯ ಮೇಲೆ ಹಾಕಿದಳು. ಒಂದು ತಿಂಗಳು ಆ ಬಟ್ಟೆ ಕುರ್ಚಿಯ ಮೇಲೆಯೇ ಇತ್ತು. ಯಾರೂ ಅದರ ಮೇಲೆ ಕೂರಲಿಲ್ಲ.

ಆ ಭಾನುವಾರ ಮೊಮ್ಮಗಳು ಮೆಂಬರುಗಳಿಗೆ ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಮುಂದಿನ ತಿಂಗಳ ಕೊನೆಗೆ ತೀರ್ಮಾನ, ಬೇಡ ಅನ್ನಿಸಿದವರು ಈಗಲೇ ನಿಲ್ಲಿಸಬಹುದು ಎಂದು. ನಾಲ್ವರು ನಿಲ್ಲಿಸಿದರು. ಅವರ ಮೇಲೆ ಬೇಸರವಿಲ್ಲ. ಉಳಿದವರು ಮುಂದಿನ ಡಿಸೈನು ಯಾವುದು ಎಂದು ಕೇಳಿದರು. ಅದಕ್ಕಿಂತ ದೊಡ್ಡ ಉತ್ತರ ಬೇರೆ ಯಾವುದಿದೆ?

ಮುಂದಿನ ತಿಂಗಳ ಇಪ್ಪತ್ತೆರಡು ದಾಟಿತು, ಇಪ್ಪತ್ತಮೂರು ದಾಟಿತು. ಇಪ್ಪತ್ತನಾಲ್ಕರ ಬೆಳಿಗ್ಗೆ ಬ್ಯಾಂಕಿನಿಂದಲೇ ಫೋನ್. ಹೊರದೇಶದಿಂದ ದುಡ್ಡು ಬಂದಿದೆ, ಯಾವ ಬಾಬ್ತಿಗೆ ಎಂದು ಬರೆದುಕೊಡಬೇಕು ಎಂದರು. ನಾನೂ ಜೊತೆಗೆ ಹೋದೆ. ಕೌಂಟರಿನ ಹುಡುಗಿ ಕೇಳಿದಳು.

"ದುಡ್ಡು ಏನು ಕೆಲಸಕ್ಕೆ ಬಂದದ್ದು ಅಜ್ಜಾ?"

"ಮುಯ್ಯಿ ಕಣವ್ವ!" ಎಂದೆ.

ಮೊಮ್ಮಗಳು ನನ್ನ ತೋಳು ಹಿಡಿದು ಹಿಂದಕ್ಕೆ ಎಳೆದಳು. ವಿಡಿಯೋ ಮಾಡಿದ ಆದಾಯ ಎಂದು ಬರೆದು ಸಹಿ ಹಾಕಿದಳು. ಬಂದದ್ದು ಒಂಬತ್ತು ಸಾವಿರಕ್ಕೆ ಸ್ವಲ್ಪ ಕಮ್ಮಿ. ಒಂದು ವರ್ಷದ ಬೆವರಿಗೆ ಅಷ್ಟೇ. ಅವಳು ಕೂತ ಗಂಟೆಗೆ ಹಂಚಿದರೆ ಟೀಗೂ ಸಾಲದು. ನಾನು ಹಂಚಲಿಲ್ಲ. ಕಾಜಾ ಹೊಲಿದ ಎರಡು ವರ್ಷವನ್ನು ನಾನು ಯಾವತ್ತಾದರೂ ಹಂಚಿದ್ದೆನೆ?

ಮನೆಗೆ ಬಂದಾಗ ಸೊಸೆ ಡ್ಯೂಟಿಗೆ ಹೊರಟು ನಿಂತಿದ್ದಳು. ಬ್ಯಾಂಕಿನ ಮೆಸೇಜು ನೋಡಿದಳು. ಒಂದು ಸಲ ನೋಡಿ ಫೋನ್ ವಾಪಸ್ ಕೊಟ್ಟಳು. "ಈ ತಿಂಗಳು ಎಷ್ಟು ಜನ?" ಎಂದಳು.

"ತೊಂಬತ್ತು ಆಗವ್ರಮ್ಮ."

ಅವಳು ತನ್ನ ಫೋನ್ ತೆಗೆದು ತಿರುಪ್ಪೂರಿಗೆ ಹಚ್ಚಿದಳು. ನಮ್ಮ ಎದುರಿಗೇ, ಸ್ಪೀಕರ್ ಹಾಕಿ.

"ಅಣ್ಣಾ, ಆ ಜಾಗ ಬೇರೆ ಯಾರಿಗಾದ್ರೂ ಕೊಟ್ಬುಡು. ಕೂಸು ಬರಾದಿಲ್ಲ."

"ಯಾಕ? ಬೇರೆ ಕಡೆ ಕೆಲಸ ಸಿಕ್ತಾ?"

"ಊಂ. ಇಲ್ಲೇ. ಅವ್ರ ತಾತನ ಅಂಗಡೀಲಿ."

"ಸಂಬಳ ಎಷ್ಟು?"

"ಇನ್ನೂ ಕಮ್ಮಿನೇಯಾ. ಏರ್ತಾ ಅದ."

ಆ ಕಡೆಯಿಂದ ಸೊಸೆಯ ಅತ್ತಿಗೆಯ ಸ್ವರ ನಡುವೆ ಬಂತು. ಫೋನಿನಲ್ಲಿ ಬ್ಲೌಸ್ ತೋರಿಸ್ತಾಳಲ್ಲ ಅದಾ, ನನ್ನ ಮಗಳ ಸೀಮಂತಕ್ಕೆ ಒಂದು ಒಳ್ಳೇ ಡಿಸೈನು ಕಳಿಸಿಕೊಡೋಕೆ ಹೇಳು ಎಂದರು.

ಸೊಸೆ ಸೆರಗು ಸರಿ ಮಾಡಿಕೊಂಡು, ರೆಸಾರ್ಟಿನ ಗೆಸ್ಟಿನ ಹತ್ತಿರ ಮಾತಾಡುವ ದನಿಯಲ್ಲಿ ಹೇಳಿದಳು.

"ಡಿಸೈನು ಮೆಂಬರುಗಳಿಗೆ ಮಾತ್ರ ಅತ್ತಿಗೆ. ತಿಂಗಳಿಗೆ ಐವತ್ತೊಂಬತ್ತು. ಭಾನುವಾರ ಲೈವಿಗೆ ಬನ್ನಿ, ನಿಮ್ಮ ಡೌಟು ಅವಳೇ ಕ್ಲಿಯರ್ ಮಾಡ್ತಾಳೆ."

ಅತ್ತಿಗೆ ಬೈದುಕೊಂಡೇ ಸೇರಿದರು. ತೊಂಬತ್ತೊಂದನೆಯವರು.